ತೊಗಲೋ ರೆಕ್ಸಿನ್ನೋ

ಅಥಣಿಯಲ್ಲಿ ಚಪ್ಪಲಿ ಅಂಗಡಿ ನಡೆಸುವ ಸೀಮಾ, ತೊಗಲನ್ನು ಕೈಯಲ್ಲಿ ಹಿಡಿಯದೆ ಅದು ಅಸಲಿ ಎಂದು ಎಂದೂ ಹೇಳಿದವಳಲ್ಲ. ಐಗಳಿಯ ದ್ರಾಕ್ಷಿ ತೋಟದ ದುಂಡೇಶನೋ, ಎಲ್ಲವನ್ನೂ ಮೊಬೈಲಿನಲ್ಲೇ ಪರೀಕ್ಷಿಸುವ ಪಂಡಿತ. ಅವನನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ತನ್ನ ತಂಗಿ ಶೀತಲಳ ಮದುವೆಗೆ ಬೀಗರ ಕಡೆಯ ಗಂಡಸರಿಗೆಲ್ಲ ಚಪ್ಪಲಿ ಉಡುಗೊರೆ ಕೊಡಬೇಕೆಂದು ದುಂಡೇಶ ನಿಶ್ಚಯಿಸಿದ್ದ. ನಿಪ್ಪಾಣಿಯ ಸಮಾಧಾನ ಎಂಬ ಏಜೆಂಟ ವಾಟ್ಸಾಪಿನಲ್ಲಿ ಚಪ್ಪಲಿಯ ಫೋಟೊ ಕಳಿಸಿದ್ದ. ಅದು ಅಸಲಿ ಎಂದು ಸೀಮಾಳ ಬಾಯಲ್ಲೇ ಹೇಳಿಸಲು ದುಂಡೇಶ ಅವಳ ಅಂಗಡಿಗೆ ಬಂದ.

“ನೋಡ್ರಿ ಅಕ್ಕಾರ, ಅಸಲಿ ತೊಗಲು. ಹೆಂಗ ಮಿಂಚಾಕತ್ತೈತಿ!”

“ಅದು ಫಿಲ್ಟರಿನ ಮಿಂಚು,” ಎಂದಳು ಸೀಮಾ. “ಅಸಲಿ ತೊಗಲಿನ ಮ್ಯಾಲ ಕೂದಲ ಇದ್ದ ಸಣ್ಣ ತೂತು ಇರ್ತಾವ, ಒಂದರಂಗ ಒಂದು ಇರಂಗಿಲ್ಲ. ರೆಕ್ಸಿನ್‌ಗೆ ಅಚ್ಚು ಒತ್ತಿರ್ತಾರ, ಅದ ಗುರುತು ಮತ್ತ ಮತ್ತ ಬರ್ತೈತಿ. ಇದರಾಗ ಎರಡೂ ಇಲ್ಲ. ಬರೇ ಮೇಣ ಒರಸಿದಂಗ ಐತಿ.”

ದುಂಡೇಶ ಫೋಟೊ ಹಿಗ್ಗಿಸಿದ. ಪರದೆಯ ತುಂಬ ಮಬ್ಬು ಚೌಕಗಳು ಮೂಡಿದವು.

“ಕಳಸುವಾಗ ವಾಟ್ಸಾಪು ಸಣ್ಣದ ಮಾಡಿ ಹಿಂಡೈತಿ. ಹಿಗ್ಗಿಸಿದ್ರ ಹೋದದ್ದು ತಿರುಗಿ ಬರಂಗಿಲ್ಲ. ಫಿಲ್ಟರ್ ಹಾಕದ, ಪಟ್ಟಿ ಕತ್ತರಿಸಿದ ಅಂಚಿನ ಫೋಟೊ ಹೊಸದು ತಗದು, ಮೂಲ ಫೈಲನ್ನ ಡಾಕ್ಯುಮೆಂಟ್ ಮಾಡಿ ಕಳಸಂತ ಏಜೆಂಟಗ ಹೇಳ್ರಿ,” ಎಂದಳು ಸೀಮಾ.

ಡಾಕ್ಯುಮೆಂಟ್ ಬಂತು. ಸೀಮಾ ಫೈಲಿನ ಅಳತೆ ನೋಡಿ ಮೂಗು ಮುರಿದಳು. ಹಿಂಡಿದ ಹಳೆಯ ಫೋಟೊವನ್ನೇ ಏಜೆಂಟ ಡಾಕ್ಯುಮೆಂಟ್ ಮಾಡಿ ಕಳಿಸಿದ್ದ.

“ಇದನ್ನ ನೋಡಿ ಖೊಟ್ಟಿ ಅಂತಾನೂ ಅನ್ನಾಕ ಬರಂಗಿಲ್ಲ, ಅಸಲಿ ಅಂತಾನೂ ಅನ್ನಾಕ ಬರಂಗಿಲ್ಲ. ಒಂದು ಜೋಡಿ ತರಸ್ರಿ.”

“ಗಿರಾಕಿ ಕೈತಪ್ತಾನಂತ ನಿಮಗ ಹೊಟ್ಟಿಕಿಚ್ಚು,” ಎಂದು ದುಂಡೇಶ ಅವಳ ಮುಂದೆಯೇ ನಕ್ಕು, ಸಮಾಧಾನನಿಗೆ ಆರ್ಡರ್ ಕೊಟ್ಟೇ ಬಿಟ್ಟ.

ರಾಯಬಾಗದಲ್ಲಿ ಮದುವೆ. ಶೀತಲಳ ಗೆಳತಿಯಾದ್ದರಿಂದ ಸೀಮಾಳೂ ಹೋಗಿದ್ದಳು. ಮಂಟಪದ ಮುಂದೆ ನೀರು ಚಿಮುಕಿಸಿದ್ದರು. ವರನ ಸೋದರಮಾವ ವಿರುಪಾಕ್ಷಪ್ಪ ಹೊಸ ಚಪ್ಪಲಿ ಮೆಟ್ಟಿ ಗತ್ತಿನಿಂದ ಅದರ ಮೇಲೆ ನಡೆದರು. ಪಟ್ಟಿಯ ಮೇಲ್ಪದರ ಸುಲಿದು ಬಂತು. ಅವರು ಚಪ್ಪಲಿಯನ್ನು ಎತ್ತಿ ಹಿಡಿದು ಎಲ್ಲರೂ ಕೇಳುವಂತೆ ಕೂಗಿದರು:

“ಬೀಗರ, ಇದು ಯಾವ ಪ್ರಾಣಿ ತೊಗಲ್ರಿ? ಒಳಗ ಬಟ್ಟಿ ಬೆಳದೈತಿ!”

ದುಂಡೇಶ ಸೀಮಾಳ ಹತ್ತಿರ ಓಡಿ ಬಂದ. “ಅಕ್ಕಾರ, ಇದು ತೊಗಲ, ನೀರಿಗೆ ಹಿಂಗಾತಂತ ಒಂದ ಮಾತು ಹೇಳ್ರಿ. ನಿಮ್ಮ ಮಾತು ಎಲ್ಲಾರೂ ನಂಬ್ತಾರ.”

ಸೀಮಾ ಎದ್ದು ಹೋಗಿ ಚಪ್ಪಲಿ ಇಸಿದುಕೊಂಡು, ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದಳು. ತೊಗಲಿನ ನಾರಿಲ್ಲ, ನೆಯ್ದ ದಾರ.

“ಈಗ ಕೈಯಾಗ ಐತಿ, ಈಗ ಹೇಳತೇನಿ,” ಎಂದಳು ದನಿ ಏರಿಸಿ. “ಶುದ್ಧ ರೆಕ್ಸಿನ್ನು. ದುಂಡೇಶ ಅವ್ರು ಸ್ವತಾ ಫೋಟೊ ನೋಡಿ ಆರಿಸ್ಯಾರ.”

ಮಂಟಪವೆಲ್ಲ ಗೊಳ್ಳೆಂದಿತು. ಮಾನ ಕಳೆದುಕೊಂಡ ಅಣ್ಣನನ್ನು ನೋಡಿ ಮದುವಣಗಿತ್ತಿಯೂ ಬಾಯಿಗೆ ಸೆರಗು ಹಿಡಿದಳು. ವಿರುಪಾಕ್ಷಪ್ಪ ಚಪ್ಪಲಿಯನ್ನು ಮೂಲೆಗೆ ಎಸೆದು, ಬರಿಗಾಲಲ್ಲೇ ಪಂಕ್ತಿಯಲ್ಲಿ ಕುಳಿತರು. ಅವರನ್ನು ರಮಿಸಲು ದುಂಡೇಶ ತಾನೇ ಹೋಳಿಗೆ ಬಡಿಸುತ್ತಾ ಬಂದ. ಪಂಕ್ತಿಯಲ್ಲಿದ್ದ ಸೀಮಾ ಅವನ ಮುಖ ನೋಡದೆ ತನ್ನ ಎಲೆ ತೋರಿಸಿದಳು.

“ತುಪ್ಪ ಹಾಕ್ರಿ, ಜಿಪುಣತನ ಮಾಡಬ್ಯಾಡ್ರಿ.”