ಹತ್ತು ನಿಮಿಷ, ಹತ್ತೊಂಬತ್ತರ ಒಳಗೆ

ಜನರಲ್ ಮ್ಯಾನೇಜರ್ ಉಮಾನಾಥ ರಾಯರ ಡೈರಿ ಮನೋರಮಾಳ ಮೇಜಿನ ಮೇಲೆಯೇ ಇರುತ್ತಿತ್ತು. ಅದರಲ್ಲಿ ಅವಳು ಪೆನ್ನಿನಿಂದ ಬರೆದವಳಲ್ಲ. ಪೆನ್ಸಿಲ್, ಅದರ ಪಕ್ಕದಲ್ಲೊಂದು ರಬ್ಬರು. ಭೇಟಿ ಮುಗಿದ ಮೇಲೆ ಹೆಸರಿನ ಮುಂದೆ ಕೆಂಪು ಪೆನ್ಸಿಲಿನ ಒಂದು ಗೀಟು. ಹತ್ತೊಂಬತ್ತು ವರ್ಷಗಳಿಂದ ಮಣಿಪಾಲದ ಆ ರಟ್ಟಿನ ಪೆಟ್ಟಿಗೆ ಕಂಪೆನಿಯಲ್ಲಿ ಸಾಹೇಬರ ಸಮಯವನ್ನು ಹಂಚಿದವಳು ಅವಳೇ.

ಕೇಳಲು ಬರುವವರೆಲ್ಲ ಎರಡೇ ಮಾತು ಕಲಿತಿದ್ದರು. “ಅರ್ಜೆಂಟ್ ಉಂಟು” ಮತ್ತು “ಐದೇ ನಿಮಿಷ.” ಏನು ವಿಷಯ, ಯಾವ ತಾರೀಕಿನ ಒಳಗೆ ಆಗಬೇಕು, ತಪ್ಪಿದರೆ ಎಂತ ತೊಂದರೆ, ಯಾವ ದಿನ ನಿಮಗೆ ಬರಲಿಕ್ಕೆ ಆಗುವುದಿಲ್ಲ ಎಂದು ಅವಳು ಒಂದೊಂದಾಗಿ ಕೇಳಿ ತೆಗೆಯಬೇಕು. ಐದು ನಿಮಿಷ ಎಂದವರಿಗೆ ಅವಳು ಸದ್ದಿಲ್ಲದೆ ಅರ್ಧ ಗಂಟೆ ಬಿಡುತ್ತಿದ್ದಳು. ಬಂದವರು ಅವಳ ತಲೆಯ ಮೇಲಿಂದ ಒಳಗಿನ ಬಾಗಿಲನ್ನು ನೋಡುತ್ತ ಮಾತಾಡುತ್ತಿದ್ದರು. ಸಂಜೆ ಐದೂವರೆಗೆ ಮೇಜಿಗೆ ಬೀಗ ಹಾಕಿ ಕಲ್ಯಾಣಪುರದ ಬಸ್ಸು ಹತ್ತಿದರೆ ಮರುದಿನ ಬೆಳಗ್ಗೆ ಆಫೀಸಿಗೆ ಬರುವ ತನಕ ಅವಳ ಬಾಯಿಂದ ಹೊರಡುವುದು ಹೆಚ್ಚೆಂದರೆ ನಾಲ್ಕು ಮಾತು. ಅವಳು ಬಾಡಿಗೆಗಿದ್ದದ್ದು ಲಿಯೋನೆಲ್ ಎಂಬವರ ಮನೆಯ ಹಿಂದಿನ ಕೋಣೆಯಲ್ಲಿ. ಗೋಡೆಯ ಆಚೆ ಅವರ ಮನೆಯವರು ಕೊಂಕಣಿಯಲ್ಲಿ ನಗುವುದು ಕೇಳುತ್ತಿತ್ತು. ಅವರು ಒಳ್ಳೆಯವರೇ. ಅವಳ ಕೋಣೆಯಿಂದ ಪಾತ್ರೆ ತೊಳೆಯುವ ಸದ್ದು ಬಾರದಿದ್ದ ದಿನ ಲಿಯೋನೆಲ್ ಬಾಗಿಲು ತಟ್ಟಿ, “ಬಾಯಿ, ಊಟ ಆಯ್ತಾ?” ಎಂದು, ನಾವು ಅಕ್ಕ ಎನ್ನುವ ಹಾಗೆ, ಕೇಳುವುದಿತ್ತು.

೧೯೮೨ರ ಸೆಪ್ಟೆಂಬರಿಗೆ ಅವಳಿಗೆ ಐವತ್ತೈದು ತುಂಬುವುದಿತ್ತು. ಕಂಪೆನಿಯ ನಿಯಮದಂತೆ ಆ ತಿಂಗಳ ಕೊನೆಗೆ ನಿವೃತ್ತಿ. ರಾಯರು ಶಿಫಾರಸು ಮಾಡಿದವರಿಗೆ ಇನ್ನೂ ಮೂರು ವರ್ಷ ಸಿಗುತ್ತಿತ್ತು. ಆ ವರ್ಷದ ಶಿಫಾರಸಿನ ಪಟ್ಟಿಯನ್ನು ಜುಲೈಯಲ್ಲಿ ಟೈಪ್ ಮಾಡಿದವಳು ಅವಳೇ. ಏಳು ಹೆಸರು. ಕೆಳಗೆ ಎರಡು ಸಾಲಿನ ಜಾಗ ಬಿಟ್ಟು ಒಳಗೆ ಕೊಟ್ಟಳು, ರಾಯರು ತಾವಾಗಿ ಎಂಟನೆಯದಾಗಿ ತನ್ನ ಹೆಸರು ಸೇರಿಸಿಯಾರು ಎಂದು. ಅವರು ಸಹಿ ಹಾಕಿ ಹಿಂದೆ ಕೊಟ್ಟರು. ಅವಳೇ ಲಕೋಟೆಗೆ ಹಾಕಿ ಅಂಟಿಸಿದಳು.

ಸೇವೆ ಮುಂದುವರಿಸಬೇಕೆಂಬ ಅವಳ ಅರ್ಜಿ ಮೇಜಿನ ಡ್ರಾಯರಿನಲ್ಲಿತ್ತು. ಜೂನ್ ತಿಂಗಳಿಂದ ಎಷ್ಟೋ ಸಲ ಫೈಲು ಕೊಡುವಾಗ ಅವಳು ಹೇಳಿದ್ದುಂಟು, “ಸರ್, ಪುರುಸೊತ್ತಾದಾಗ ನನ್ನದೊಂದು ಮಾತಿತ್ತು. ಅವಸರ ಏನಿಲ್ಲ.”

“ಆಗಲಿ ಮನೋರಮಾ, ಆಮೇಲೆ,” ಎನ್ನುತ್ತಿದ್ದರು ರಾಯರು. ಅಷ್ಟರಲ್ಲಿ ಟ್ರಂಕ್ ಕಾಲ್ ಬರುತ್ತಿತ್ತು, ಇಲ್ಲವೇ ಅವಳೇ ಬರೆದಿಟ್ಟ ಹೆಸರಿನವರು ಬಾಗಿಲಿಗೆ ಬಂದಿರುತ್ತಿದ್ದರು.

ಆಗಸ್ಟ್ ಒಂಬತ್ತರ ಸೋಮವಾರ ಮಳೆ ನಿಂತ ಹೊತ್ತಿಗೆ ಕಾಪುವಿನ ಪುತ್ತುಬ್ಬ ಬ್ಯಾರಿ ಬಂದರು. ಮೊದಲು ಕಂಪೆನಿಯ ಸರಕು ಸಾಗಿಸುತ್ತಿದ್ದ ಲಾರಿಯ ಯಜಮಾನರು. ಕೊಡೆಯನ್ನು ಹೊರಗೆ ಒರಗಿಸಿ, ಟೊಪ್ಪಿ ಸರಿಮಾಡಿಕೊಂಡು, ಅವಳ ಮೇಜಿನ ಮುಂದೆ ನಿಂತರು. ಮನೋರಮಾಳ ಬೆನ್ನು ತಾನಾಗಿ ನೆಟ್ಟಗಾಯಿತು. ನಾಲ್ಕು ವರ್ಷದ ಹಿಂದೆ, ಮಳೆಯಲ್ಲಿ ಒದ್ದೆಯಾದ ಲೋಡಿನ ಜಗಳದಲ್ಲಿ, ಇದೇ ಜಾಗದಲ್ಲಿ ನಿಂತು ಅವರು ಕೂಗಾಡಿದ್ದರು.

“ನಮಸ್ಕಾರ ಅಕ್ಕ. ಸಾಹೇಬರ ಹತ್ತಿರ ಮಾತಾಡಲಿಕ್ಕೆ ಹತ್ತು ನಿಮಿಷ ಬೇಕಿತ್ತು.”

“ಎಂತ ವಿಷಯ?”

“ಕ್ಷಮೆ ಕೇಳಲಿಕ್ಕೆ.”

ಅವಳ ಪೆನ್ಸಿಲು ನಿಂತಿತು.

“ಹಜ್ಜಿಗೆ ಹೊರಟಿದ್ದೇನೆ. ಬೊಂಬಾಯಿಯಿಂದ ಹಡಗು. ಹೋಗುವ ಮೊದಲು ಯಾರ ಯಾರ ಮನಸ್ಸು ನೋಯಿಸಿದ್ದೇವೆಯೋ ಅವರ ಹತ್ತಿರ ಹೋಗಿ ತಪ್ಪಾಯಿತು ಎನ್ನಬೇಕು, ಅದು ನಮ್ಮ ಕ್ರಮ. ಆ ದಿನ ಸಾಹೇಬರಿಗೆ ನಾನು ಆಡಬಾರದ್ದು ಆಡಿದೆ.” ಅವರು ಅಂಗಿಯ ಜೇಬಿನಿಂದ ಮಡಚಿದ ಚೀಟಿ ತೆಗೆದು, ಕಣ್ಣಿಂದ ದೂರ ಹಿಡಿದು ಓದಿದರು. “ಇಪ್ಪತ್ತೊಂದನೇ ತಾರೀಕು ಶನಿವಾರ ಬೊಂಬಾಯಿಗೆ ನನ್ನ ಬಸ್ಸು. ಆದ ಕಾರಣ ಹತ್ತೊಂಬತ್ತರ ಒಳಗೆ ಆಗಬೇಕು. ಅದರ ನಂತರ ಆದರೆ ಪ್ರಯೋಜನ ಇಲ್ಲ. ಹತ್ತು ನಿಮಿಷ ಸಾಕು, ನಾನು ಕೂತು ಮಾತು ಬೆಳೆಸುವುದಿಲ್ಲ. ಶುಕ್ರವಾರ ಒಂದು ಬಿಟ್ಟು ಯಾವ ದಿನವೂ ಆಗುತ್ತದೆ, ಬೆಳಗ್ಗೆ ಒಂಬತ್ತರ ನಂತರ. ನನಗಿಂತ ದೊಡ್ಡ ಕೆಲಸ ಬಂದರೆ ನನ್ನದನ್ನು ಆಚೀಚೆ ಮಾಡಿ, ಬೇಸರವಿಲ್ಲ. ಆದರೆ ಹತ್ತೊಂಬತ್ತು ದಾಟಿಸಬೇಡಿ. ಮುಂದೆ ಹಾಕಿದರೆ ಹಿಂದಿನ ದಿನ ನಮ್ಮ ಅಂಗಡಿಗೆ ಫೋನು ಮಾಡಿ. ಕುಂಞಾಲಿ ಇರುತ್ತಾನೆ, ನನ್ನ ತಮ್ಮ.”

ಅವಳು ಎಲ್ಲವನ್ನೂ ಬರೆದುಕೊಂಡಳು. ಕೇಳಿ ತಿಳಿಯಲು ಒಂದೂ ಉಳಿದಿರಲಿಲ್ಲ. ಇಷ್ಟು ವರ್ಷದಲ್ಲಿ ಹೀಗೆ ಯಾರೂ ಬಂದದ್ದಿಲ್ಲ. ಅವಳ ಕೆಲಸದ ಕಷ್ಟವನ್ನು ಮನೆಯಲ್ಲೇ ಕೂತು ಯೋಚಿಸಿಕೊಂಡು ಬಂದಹಾಗಿತ್ತು.

“ಈ ಚೀಟಿ ಯಾರು ಬರೆದದ್ದು, ಬ್ಯಾರಿಗಳೇ?”

“ಮಗಳು, ಸೌದಾ. ಹತ್ತನೇ ಕ್ಲಾಸು. ನಾನು ಹೇಳಿದೆ, ಅವಳು ಬರೆದಳು. ಲಾರಿ ಬೇಕು ಎಂದು ಬರುವವರಿದ್ದಾರಲ್ಲ, ‘ಬೇಗ ಕಳಿಸಿ, ಬೇಗ ಕಳಿಸಿ’ ಎನ್ನುವವರು? ಎಲ್ಲಿಗೆ, ಎಷ್ಟು ಮಾಲು, ಯಾವಾಗ ತಲುಪಬೇಕು ಎಂದು ಹೇಳದಿದ್ದರೆ ನಾನು ಗಾಡಿ ಹೇಗೆ ಕಳಿಸುವುದು?”

ಸೋಮವಾರ ಹದಿನಾರು, ಹನ್ನೊಂದೂವರೆ ಎಂದು ಅವಳು ಬರೆದಳು. ಬ್ಯಾರಿಗಳು ಹೋಗಲಿಲ್ಲ.

“ಇನ್ನೊಂದು ಇತ್ತು. ನಿಮ್ಮ ಹತ್ತಿರವೂ ಎರಡು ನಿಮಿಷ ಬೇಕು. ಯಾವಾಗ ಆಗುತ್ತದೆ?”

“ನನ್ನ ಹತ್ತಿರವಾ?”

“ಆ ದಿನ ನಿಮಗೂ ಹೇಳಿದ್ದೆ, ಬಾಗಿಲು ಕಾಯುವ ಹೆಂಗಸು ಎಂದು. ನೀವು ಮರೆತಿರಬಹುದು.”

ಅವಳು ಮರೆತಿರಲಿಲ್ಲ. ಆ ರಾತ್ರಿ ಅನ್ನಕ್ಕೆಂದು ಅಳೆದ ಅಕ್ಕಿಯನ್ನು ಹಾಗೆಯೇ ತಿರುಗಿ ಡಬ್ಬಿಗೆ ಸುರಿದದ್ದು ಕೂಡ ನೆನಪಿತ್ತು. ಅಟೆಂಡರ್ ಸುಂದರ ಬಾಗಿಲ ಬಳಿ ನಿಂತು ಕಿವಿಗೊಡುತ್ತಿದ್ದ. ಅವಳು ಡೈರಿಯನ್ನು ಮುಚ್ಚಿದಳು.

“ಈಗಲೇ ಆಗುತ್ತದೆ. ಕೂತುಕೊಳ್ಳಿ.”

ಅವರು ಕೂರಲಿಲ್ಲ. ಟೊಪ್ಪಿ ಇದ್ದ ತಲೆಯನ್ನು ಸ್ವಲ್ಪ ತಗ್ಗಿಸಿ, “ತಪ್ಪಾಯಿತು ಅಕ್ಕ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ,” ಎಂದರು.

“ಇಲ್ಲ. ಇನ್ನು ಇಲ್ಲ. ಹೋಗಿ ಬನ್ನಿ,” ಎಂದಳು ಮನೋರಮಾ.

ಅವರು ಮೆಟ್ಟಿಲಿಳಿದ ಮೇಲೆ ಸುಂದರ ಹತ್ತಿರ ಬಂದ. “ಎಂತ ಮನೋರಮಕ್ಕ, ನಿಮ್ಮ ಅಪಾಯಿಂಟ್ಮೆಂಟಿಗೂ ಜನ ಬರ್ಲಿಕ್ಕೆ ಶುರುವಾಯ್ತಾ? ನಂದೂ ಬರ್ಕೊಳ್ಳಿ ಮತ್ತೆ, ಚಾ ಕುಡೀಲಿಕ್ಕೆ.”

“ಎಷ್ಟು ನಿಮಿಷ, ಯಾವ ತಾರೀಕಿನ ಒಳಗೆ, ಅದು ಹೇಳು ಮೊದಲು.”

“ಅಯ್ಯೋ ಮಾರಾಯ್ತಿ, ಚಾ ಆರಿ ಹೋಗ್ತದೆ!” ಎಂದು ಅವನು ನಗುತ್ತ ಹೋದ. ಸ್ವಲ್ಪ ಹೊತ್ತಿನಲ್ಲಿ ಅವಳ ಮೇಜಿನ ಮೇಲೆ ಬಿಸಿ ಚಾ ಬಂತು, ಮೇಲೆ ತಟ್ಟೆ ಮುಚ್ಚಿ.

ಹದಿಮೂರರ ಶುಕ್ರವಾರ ಮೆಷಿನಿನ ಕಂಪೆನಿಯ ಮ್ಯಾಥ್ಯೂ ಫೋನು ಮಾಡಿದರು. ವೆರಿ ಅರ್ಜೆಂಟ್, ಸೋಮವಾರವೇ ಬೇಕು, ಐದು ನಿಮಿಷ. ಅವಳು ಬಿಡದೆ ಕೇಳಿದ ಮೇಲೆ ಹೊಸ ಕಟಿಂಗ್ ಮೆಷಿನಿನ ಆರ್ಡರಿಗೆ ಸೋಮವಾರ ಕೊನೆಯ ದಿನ ಎಂಬುದೂ, ನಕ್ಷೆ ತೋರಿಸಲಿಕ್ಕೆ ಉಂಟೆಂಬುದೂ ಹೊರಬಂತು. ಹನ್ನೊಂದರಿಂದ ಹನ್ನೆರಡು ಅವರಿಗೇ ಬೇಕು. ಬ್ಯಾರಿಗಳ ಹೆಸರನ್ನು ರಬ್ಬರಿನಿಂದ ಒರೆಸುವಾಗ ಅವಳಿಗೆ ಅಳುಕಾಗಲಿಲ್ಲ. ಎಷ್ಟು ಸರಿಸಬಹುದೆಂದು ಅವರೇ ಹೇಳಿಟ್ಟಿದ್ದರಲ್ಲ. ಹತ್ತೊಂಬತ್ತಕ್ಕೆ ರಾಯರು ಮದ್ರಾಸಿಗೆ ಹೊರಡುವುದಿತ್ತು. ಬುಧವಾರ ಹದಿನೆಂಟು, ಒಂಬತ್ತು ನಲವತ್ತು ಎಂದು ಬರೆದು ಕಾಪುವಿಗೆ ಫೋನು ಮಾಡಿದಳು. ಕುಂಞಾಲಿ, “ಆಯ್ತು, ಹೇಳ್ತೇನೆ. ಹದಿನೆಂಟು, ಒಂಬತ್ತು ನಲವತ್ತು,” ಎಂದು ತಿರುಗಿ ಒಪ್ಪಿಸಿದ.

ಬುಧವಾರ ಬ್ಯಾರಿಗಳು ಒಳಗೆ ಹೋದದ್ದು ಒಂಬತ್ತು ನಲವತ್ತಕ್ಕೆ, ಹೊರಗೆ ಬಂದದ್ದು ಒಂಬತ್ತು ನಲವತ್ತೆಂಟಕ್ಕೆ. ರಾಯರು ಬಾಗಿಲ ತನಕ ಬಂದರು, ಬ್ಯಾರಿಗಳ ಎರಡೂ ಕೈ ಹಿಡಿದುಕೊಂಡೇ. ರಾಯರ ಕಣ್ಣು ಕೆಂಪಾಗಿತ್ತು. ಹೋಗುವಾಗ ಬ್ಯಾರಿಗಳು ಅವಳ ಮೇಜಿನ ಬಳಿ ನಿಂತು, “ಉಪಕಾರ ಅಕ್ಕ. ಅಲ್ಲಿ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತೇನೆ. ಎಂತ ಕೇಳಬೇಕು?” ಎಂದರು.

ಅವಳು ಡೈರಿಯ ಪುಟ ನೋಡಿದಳು. “ಏನಾದರೂ ಕೇಳಿ,” ಎಂದಳು.

“ಏನಾದರೂ ಎಂದರೆ ಹೇಗೆ ಅಕ್ಕ?” ಎಂದು ಅವರು ನಕ್ಕು ಕೊಡೆ ತೆಗೆದುಕೊಂಡರು.

ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಆ ಪ್ರಶ್ನೆ ಕಲ್ಯಾಣಪುರದ ತನಕವೂ ಬಿಡಲಿಲ್ಲ. ಸೆಪ್ಟೆಂಬರ್ ಕಳೆದರೆ ಈ ಬಸ್ಸೂ ಇಲ್ಲ, ಸುಂದರನ ಚಾ ಇಲ್ಲ. ಉಳಿಯುವುದು ಹಿಂದಿನ ಕೋಣೆ, ಗೋಡೆಯಾಚೆಯ ನಗು, ಬೆಳಗಿನಿಂದ ಸಂಜೆಯವರೆಗೆ.

ಮರುದಿನ ರಾಯರಿಲ್ಲದ ಆಫೀಸಿನಲ್ಲಿ ಅವಳು ಮುಂದಿನ ವಾರದ ಪುಟ ತೆಗೆದು, ಬೇರೆಯವರಿಗೆ ಬರೆಯುವ ಅದೇ ಅಕ್ಷರದಲ್ಲಿ ಬರೆದಳು: ಮಂಗಳವಾರ ೨೪, ಹತ್ತೂವರೆ. ಮನೋರಮಾ. ಸೇವೆ ಮುಂದುವರಿಸುವ ಅರ್ಜಿ. ಹದಿನೈದು ನಿಮಿಷ. ನಿವೃತ್ತಿಗೆ ಒಂದು ತಿಂಗಳ ಮೊದಲು, ೩೧ರ ಒಳಗೆ ಸಹಿ ಆಗಬೇಕು. ಬೇರೆ ಕೆಲಸ ಬಂದರೆ ಗುರುವಾರದವರೆಗೆ ಸರಿಸಬಹುದು, ಅದರಾಚೆ ಆಗದು. ಬರೆದದ್ದನ್ನು ನೋಡಿ ಅವಳಿಗೇ ನಾಚಿಕೆಯಾಯಿತು. ರಬ್ಬರಿಗೆ ಕೈ ಹೋಯಿತು. ಮತ್ತೆ ಅದನ್ನು ಡ್ರಾಯರಿನೊಳಗೆ ಹಾಕಿ, ಅರ್ಜಿಯನ್ನು ಹೊರಗೆ ತೆಗೆದಿಟ್ಟಳು.

ಮಂಗಳವಾರ ಬೆಳಗ್ಗೆ ರಾಯರು ಡೈರಿ ನೋಡಿ ಕನ್ನಡಕ ಏರಿಸಿದರು. “ಇದು ಯಾವ ಮನೋರಮಾ?”

“ನಾನೇ, ಸರ್.”

ಅವರು ಡೈರಿ ಹಿಂದೆ ಕೊಟ್ಟರು. ಹತ್ತೂವರೆಗೆ ಅವಳು ಬಾಗಿಲು ತಟ್ಟಿ ಒಳಗೆ ಹೋದಳು. ರಾಯರು ಎದುರಿನ ಕುರ್ಚಿ ತೋರಿಸಿದರು. ಹತ್ತೊಂಬತ್ತು ವರ್ಷ ಡಿಕ್ಟೇಶನ್ ಬರೆದುಕೊಂಡದ್ದು ಪಕ್ಕದ ಸ್ಟೂಲಿನಲ್ಲಿ. ಆ ಕುರ್ಚಿ ಅಷ್ಟು ಮೆತ್ತಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ರಾಯರು ಅರ್ಜಿ ಓದಿದರು. ತಾರೀಕು ನೋಡಿದರು. “ಜೂನ್ ನಾಲ್ಕು. ಇದು ಎಲ್ಲಿತ್ತು?”

“ನನ್ನ ಡ್ರಾಯರಿನಲ್ಲಿ, ಸರ್.”

“ಪಟ್ಟಿ ನೀವೇ ಟೈಪ್ ಮಾಡಿದ್ದಲ್ವಾ? ನಿಮ್ಮ ಹೆಸರು ಕಾಣದೆ ನಾನು ಅಂದುಕೊಂಡೆ, ನಿಮಗೆ ಸಾಕಾಗಿದೆ, ಊರಿಗೆ ಹೋಗಿ ಆರಾಮಾಗಿ ಇರುತ್ತೀರಿ ಎಂದು.”

“ನನಗೆ ಹಾಗೆ ಹೋಗುವ ಊರು ಎಂತದೂ ಇಲ್ಲ, ಸರ್.”

ಹೊರಗೆ ಫೋನು ರಿಂಗಾಯಿತು. ಅವಳು ಏಳಹೊರಟಳು. “ಕೂತುಕೊಳ್ಳಿ,” ಎಂದರು ರಾಯರು. “ನಿಮ್ಮ ಹದಿನೈದು ನಿಮಿಷ ಆಗಲಿಲ್ಲ.” ಸುಂದರ ಫೋನು ಎತ್ತಿ, “ಸಾಹೇಬರು ಮೀಟಿಂಗಿನಲ್ಲಿದ್ದಾರೆ,” ಎನ್ನುವುದು ಕೇಳಿಸಿತು.

“ಮೂರು ವರ್ಷದ್ದು ಬೋರ್ಡಿನಲ್ಲಿ ಆಗಿಹೋಯಿತು,” ಎಂದು ರಾಯರು ನಿಧಾನವಾಗಿ ಹೇಳಿದರು. “ಈಗ ನನ್ನ ಕೈಯಲ್ಲಿರುವುದು ಆರು ತಿಂಗಳು. ಅದಕ್ಕೆ ಸಹಿ ಹಾಕುತ್ತೇನೆ. ಡಿಸೆಂಬರಿನ ಬೋರ್ಡಿಗೆ ಮತ್ತೆ ಬರೆಯುತ್ತೇನೆ. ಒಪ್ಪಿಯಾರು ಎಂದು ಮಾತು ಕೊಡಲಾರೆ.” ಸಹಿ ಹಾಕಿ ಪೆನ್ನಿನ ಕ್ಯಾಪು ಮುಚ್ಚಿದರು. “ಜೂನಿನಲ್ಲಿ ಹೀಗೆ ಬರೆಯಬಾರದಿತ್ತೇ, ಮನೋರಮಾ?”

ಅವಳು ಅರ್ಜಿಯನ್ನು ಕೈಗೆ ತೆಗೆದುಕೊಂಡಳು. ಒಮ್ಮೆಯಾದರೂ ತಾನೇ ಏಕೆ ಕೇಳಲಿಲ್ಲ ಎಂಬ ಯೋಚನೆ ರಾಯರಿಗೂ ಬಂದಹಾಗಿತ್ತು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತಿದ್ದರು.

ಹೊರಗೆ ಬಂದು ಅವಳು ಡೈರಿ ತೆಗೆದು ತನ್ನ ಹೆಸರಿನ ಮುಂದೆ ಕೆಂಪು ಗೀಟು ಎಳೆದಳು. ನಂತರ ಡಿಸೆಂಬರಿನ ಪುಟಗಳನ್ನು ತಿರುವಿ, ಬೋರ್ಡಿನ ದಿನಕ್ಕೆ ಎರಡು ವಾರ ಮೊದಲಿನ ಬುಧವಾರದಲ್ಲಿ ಮತ್ತೆ ಹೆಸರು ಬರೆದಳು. ಹತ್ತು ನಿಮಿಷ ಎಂದು ಬರೆದು, ಯೋಚಿಸಿ, ಹದಿನೈದು ಮಾಡಿದಳು.

ಸಂಜೆ ಕಲ್ಯಾಣಪುರದಲ್ಲಿ ಬಸ್ಸಿಳಿದಾಗ ಲಿಯೋನೆಲ್ ಗೇಟಿನ ಬಳಿ ನಿಂತಿದ್ದರು. “ಬಾಯಿ, ಎಲ್ಲ ಸೌಖ್ಯವಾ?” ಎಂದು ಎಂದಿನಂತೆ ಕೇಳಿದರು. ಎಂದಿನಂತೆ ಹೌದು ಎಂದು ದಾಟಿ ಹೋಗಬೇಕಾದವಳು ನಿಂತಳು.

“ಲಿಯೋನೆಲ್, ನಿಮಗೂ ಮನೆಯವರಿಗೂ ಇವತ್ತು ಊಟದ ಮೊದಲು ಅರ್ಧ ಗಂಟೆ ಪುರುಸೊತ್ತು ಉಂಟಾ? ವಿಷಯ ದೊಡ್ಡದಲ್ಲ. ನನಗೆ ಯಾರ ಹತ್ತಿರವಾದರೂ ಸ್ವಲ್ಪ ಮಾತಾಡಬೇಕು. ಇವತ್ತೇ ಆದರೆ ಒಳ್ಳೆಯದು. ಆಗದಿದ್ದರೆ ನಾಳೆಯೂ ಆದೀತು.”

ಲಿಯೋನೆಲ್ ಗೇಟನ್ನು ಪೂರ್ತಿ ತೆರೆದು ಹಿಡಿದರು.