ಎರಡು ಸಹಿಗಳ ರಾಜೀನಾಮೆ

ವಾರ್ಡಿನ ಮುಖ್ಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಬೇರೆಯವರ ಆರೈಕೆ ಮಾಡಿದವಳು ಈಗ ಅದೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಳು. ಮದುವೆಯಾಗದ ಅವಳಿಗೆ ಮನೆಯವರೆಂದರೆ ಈ ವಾರ್ಡಿನವರೇ. ಅವಳು ಗುಬ್ಬಿ ಎಂದು ಕರೆಯುತ್ತಿದ್ದ ಕಿರಿಯ ನರ್ಸು ಬೆಳಗಿನ ಪಾಳಿಗೆ ಬಂದು ಅವಳ ಬಿ.ಪಿ. ನೋಡುತ್ತಿದ್ದಳು.

"ಪತ್ರ ಕೊಟ್ಯಾ?"

"ಯಾವ ಪತ್ರ ದೊಡ್ಡಕ್ಕ?"

"ನಾಲ್ಕು ದಿನದಿಂದ ಜೇಬಲ್ಲಿಟ್ಟು ಕಾವು ಕೊಡ್ತಿದೀಯಲ್ಲ, ಅದು. ತೆಗಿ."

ಎಂ.ಎಸ್ಸಿ. ಓದಲು ಗುಬ್ಬಿಗೆ ಸೀಟು ಸಿಕ್ಕಿತ್ತು. ಕಾಲೇಜು ಸೇರಲು ಉಳಿದದ್ದು ಮೂವತ್ತೊಂದು ದಿನ. ಕೆಲಸ ಬಿಡುವವರು ಆಸ್ಪತ್ರೆಗೆ ಮೂವತ್ತು ದಿನ ಮೊದಲೇ ತಿಳಿಸಬೇಕು. ಇಂದು ಕೊಡದಿದ್ದರೆ ಸೀಟು ಹೋದಂತೆಯೇ.

"ನೀವು ಹುಷಾರಾಗಿ ಎದ್ದ ಮೇಲೆ ಹೋಗ್ತೀನಿ."

"ನನ್ನ ಚಾರ್ಟು ನಾನೂ ಓದಿದೀನಿ ಕಣೇ. ಸುಳ್ಳು ಹೇಳೋದನ್ನ ನಿನಗೆ ನಾನು ಕಲಿಸಿಲ್ಲ."

ಗುಬ್ಬಿ ಪತ್ರ ಕೊಟ್ಟಳು. ಎರಡು ಪುಟ.

"ಇದೇನೇ, ರಾಜೀನಾಮೆನೋ ಪುರಾಣನೋ? ಬೇರೆ ಬರಿ."

ಪಾಳಿ ಮುಗಿದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ಗುಬ್ಬಿ ಬರೆದಳು:

"ಹೆಚ್ಚಿನ ಓದಿಗೆ ಸೀಟು ಸಿಕ್ಕಿರುವುದರಿಂದ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಇಂದಿನಿಂದ ಮೂವತ್ತು ದಿನ ತುಂಬಿದಾಗ ದಯವಿಟ್ಟು ನನ್ನನ್ನು ಬಿಡುಗಡೆ ಮಾಡಿ. ಓದಿ ಬಂದದ್ದು ಕಾಲೇಜಿನಲ್ಲಿ, ನರ್ಸಾದದ್ದು ಈ ವಾರ್ಡಿನಲ್ಲಿ. ಆ ಋಣ ದೊಡ್ಡದು."

ದೊಡ್ಡಕ್ಕ ಕೊನೆಯ ಸಾಲನ್ನು ಎರಡು ಸಲ ಓದಿದಳು. ಡ್ರಿಪ್ ಹಾಕಿದ್ದ ಕೈಯಿಂದಲೇ "ಶಿಫಾರಸು ಮಾಡಿದೆ" ಎಂದು ಬರೆದು ಸಹಿ ಹಾಕಿದಳು. ಅಕ್ಷರ ನಡುಗಿ ಗೆರೆಯಿಂದ ಇಳಿದಿತ್ತು. ರಾಜೀನಾಮೆಗೆ ಮುಖ್ಯ ನರ್ಸಿನ ಸಹಿ ಬೇಕು, ಆದರೆ ಕಾಯಿಲೆ ರಜೆಯಲ್ಲಿರುವವರ ಸಹಿ ನಡೆಯುವುದಿಲ್ಲವೆಂದು ಗುಬ್ಬಿಗೆ ಗೊತ್ತಿತ್ತು; ಆದರೂ ಶಾಯಿ ಆರಲೆಂದು ಹಾಳೆಯನ್ನು ಊದಿದಳು.

ಆ ಹೊತ್ತಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ವಾರ್ಡಿಗೆ ಬಂದರು. ಪತ್ರ ತೆಗೆದುಕೊಂಡು ಸಹಿಯನ್ನೂ ದೊಡ್ಡಕ್ಕನ ಮುಖವನ್ನೂ ನೋಡಿದರು.

"ಎಲ್ಲ ಸರಿಯಾಗಿದೆ ತಾನೇ ಮೇಡಂ?" ದೊಡ್ಡಕ್ಕ ಕೇಳಿದಳು.

"ನಿಮ್ಮ ಕೆಲಸದಲ್ಲಿ ಯಾವತ್ತು ತಪ್ಪು ಹುಡುಕಿದೀನಿ?" ಎಂದು ಅವರು ಪತ್ರವನ್ನು ಮಡಿಸಿಕೊಂಡು ಹೋದರು.

ಹತ್ತೊಂಬತ್ತನೆಯ ದಿನ, ಬೆಳಗಿನ ಪಾಳಿ ಮುಗಿಯುವ ಮುಂಚೆ, ಭಗವಂತ ದೊಡ್ಡಕ್ಕನನ್ನು ಕರೆದುಕೊಂಡ. ಕಣ್ಣು ಮುಚ್ಚಿಸಿದವಳು ಗುಬ್ಬಿಯೇ. ವೈದ್ಯರು ಹೇಳಿದ ಹೊತ್ತನ್ನು ಚಾರ್ಟಿನಲ್ಲಿ ಬರೆದು, ಹಾಸಿಗೆಯ ಬಳಿ ಕೈಮುಗಿದು ನಿಂತಳು.

ಮೂವತ್ತನೆಯ ದಿನ ಬಿಡುಗಡೆ ಪತ್ರ ಪಡೆಯಲು ಕಚೇರಿಗೆ ಹೋದಳು. ಗುಮಾಸ್ತ ಕಡತ ಬಿಚ್ಚಿದ. ದೊಡ್ಡಕ್ಕನ ನಡುಗಿದ ಸಹಿಯ ಕೆಳಗೆ, ಅವಳ ಜಾಗದಲ್ಲಿ ಕೆಲಸ ನೋಡುತ್ತಿದ್ದ ನರ್ಸಿನ ಸಹಿ, ಪತ್ರ ಕೊಟ್ಟ ದಿನದ ತಾರೀಖಿನೊಡನೆಯೇ ಇತ್ತು. ಮೇಲಿನದನ್ನು ಯಾರೂ ಹೊಡೆದು ಹಾಕಿರಲಿಲ್ಲ.

"ಒಂದೇ ಸಾಕಿತ್ತಲ್ಲಮ್ಮ, ಎರಡ್ಯಾಕೆ?" ಎಂದ ಗುಮಾಸ್ತ.

ಬಿಡುಗಡೆ ಪತ್ರ ಕೈಗೆ ಬಂದೊಡನೆ ಅದನ್ನು ತೋರಿಸಲು ಗುಬ್ಬಿಯ ಕಾಲುಗಳು ತಾವಾಗಿಯೇ ವಾರ್ಡಿನತ್ತ ನಡೆದವು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಬೇರೊಬ್ಬರು ನಿದ್ದೆಹೋಗಿದ್ದರು. ಜಾರಿದ್ದ ಹೊದಿಕೆಯನ್ನು ಅವರ ಮೇಲೆಳೆದು, ಗುಬ್ಬಿ ಹೊರಗೆ ಬಂದಳು.