ಸೆಪ್ಟೆಂಬರ್ ಒಂಬತ್ತರ ಹಿಂದಿನ ಶುಕ್ರವಾರಗಳು

ದೆಹಲಿಯ ನಮ್ಮ ಕಂಪನಿಯಲ್ಲಿ ಆನ್‌ಲೈನ್ ಸೇವೆ ನಿಂತುಹೋದರೆ ಮೂರು ದಿನದೊಳಗೆ ಒಂದು ವರದಿ ಬರೆಯಬೇಕು. ಅದಕ್ಕೆ ಪೋಸ್ಟ್‌ಮಾರ್ಟಮ್ ಎಂದೇ ಹೆಸರು. ಅದರಲ್ಲಿ ಯಾರ ಹೆಸರೂ ಇರಬಾರದು, ಯಾರನ್ನೂ ದೂರಬಾರದು. ಈ ಸಲ ಬರೆಯುವ ಸರದಿ ನನ್ನದು.

ಸೆಪ್ಟೆಂಬರ್ ಒಂಬತ್ತು, ಮಂಗಳವಾರ, ಬೆಳಿಗ್ಗೆ 6:12ಕ್ಕೆ ನಮ್ಮ ಸರ್ವರ್ ತೋರಿಸುತ್ತಿದ್ದ ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವವರ ಮೊಬೈಲ್ ಆ್ಯಪ್ ನಮ್ಮ ಸರ್ವರನ್ನು ನಂಬುವುದು ಆ ಸರ್ಟಿಫಿಕೇಟ್ ನೋಡಿ. ಅವಧಿ ಮುಗಿದದ್ದು ಕಂಡು ಆ್ಯಪ್ ಸಂಪರ್ಕವನ್ನೇ ನಿರಾಕರಿಸಿತು. ಘಾಜಿಯಾಬಾದ್‌ನಿಂದ ಫರೀದಾಬಾದ್‌ವರೆಗೆ ಜನ ಖಾಲಿ ಹೊಟ್ಟೆಯಲ್ಲಿ ಕಾಯುತ್ತ ಕುಳಿತರು. ಅಂದು ಡ್ಯೂಟಿಯಲ್ಲಿದ್ದ ಹಿತೇಶ್ ಸರ್ಟಿಫಿಕೇಟಿನ ಫೈಲನ್ನು ನೋಡಿಯೇ ನೋಡಿದ್ದ. ಅದು ತಾನಾಗಿ ನವೀಕರಣಗೊಂಡಿತ್ತು, ಇನ್ನೂ ಅರವತ್ತು ದಿನ ಬಾಕಿ ಇತ್ತು. ನಮ್ಮ ಎಚ್ಚರಿಕೆಯ ವ್ಯವಸ್ಥೆಯೂ ಅದೇ ಫೈಲನ್ನು ನೋಡಿಕೊಂಡು ಸುಮ್ಮನಿತ್ತು. ಸರ್ವರ್ ಮಾತ್ರ ತಾನು ಕೊನೆಯ ಬಾರಿ ಶುರುವಾದ ದಿನ ಓದಿಕೊಂಡಿದ್ದ ಹಳೆಯದನ್ನೇ ಹಿಡಿದುಕೊಂಡಿದೆ ಎಂದು ಹೊಳೆಯಲು ಎರಡೂವರೆ ಗಂಟೆ ಬೇಕಾಯಿತು. ಹಿತೇಶ್ ರೀಸ್ಟಾರ್ಟ್ ಮಾಡಿದ. ಎಲ್ಲ ಸರಿಹೋಯಿತು.

ಬುಧವಾರ ಮ್ಯಾನೇಜರ್ ದಕ್ಷಿಣಾಮೂರ್ತಿ ನನ್ನ ಕರಡಿನಲ್ಲಿ ಒಂದು ಸಾಲು ಸೇರಿಸಿದರು: ‘ಪ್ರತಿ ಶುಕ್ರವಾರ ಸರ್ವರನ್ನು ರೀಸ್ಟಾರ್ಟ್ ಮಾಡುತ್ತಿದ್ದ ಹಿಂದಿನ ಉದ್ಯೋಗಿ ಅದರ ಕಾರಣವನ್ನು ದಾಖಲಿಸಿರಲಿಲ್ಲ.’ ಹೆಸರಿಲ್ಲ. ಆದರೆ ಆ ಉದ್ಯೋಗಿ ಮಹಂತೇಶ್ ಎಂಬುದು ಮಹಡಿಗೆಲ್ಲ ಗೊತ್ತು. ಜೂನ್‌ನಲ್ಲಿ ಹನ್ನೊಂದು ಜನರನ್ನು ತೆಗೆದಾಗ ಅವರೂ ಹೋಗಿದ್ದರು. ಈಗ ಒಂದು ಜಾಗ ಖಾಲಿಯಾದ್ದರಿಂದ ಮತ್ತೆ ಅರ್ಜಿ ಹಾಕಿದ್ದರು. ಆ ಅರ್ಜಿಯೂ ಮೂರ್ತಿಯವರ ಮೇಜಿನ ಮೇಲೆಯೇ ಇತ್ತು. ಈ ಸಾಲು ಇದ್ದಂತೆ ಹೋದರೆ ಅವರನ್ನು ಕರೆಯುವುದು ಕಷ್ಟ ಎಂದು ಮೂರ್ತಿಯವರೇ ಬೇಸರದಿಂದ ಹೇಳಿದರು.

ಶುಕ್ರವಾರದ ರೀಸ್ಟಾರ್ಟ್ ನಿಲ್ಲಿಸಿದ್ದು ನಾನು. ಮಹಂತೇಶ್ ಬಿಟ್ಟುಹೋದ ಪಟ್ಟಿಯಲ್ಲಿ ಆ ಕೆಲಸ ಒಂದು ಸಾಲಾಗಿ ಇತ್ತು. ಜುಲೈ ಪೂರ್ತಿ ನಾನೂ ಮಾಡಿದೆ. ಆಗಸ್ಟ್ ಒಂದರಂದು, ಯಾಕೆ ಮಾಡುತ್ತೇವೆಂದು ಯಾರಿಗೂ ಗೊತ್ತಿಲ್ಲದ ಕೆಲಸ ಎಂದುಕೊಂಡು ಸಾಲನ್ನು ಅಳಿಸಿದೆ. ಹತ್ತರಂದು ಹೊಸ ಸರ್ಟಿಫಿಕೇಟ್ ಬಂದು ಡಿಸ್ಕ್‌ನಲ್ಲಿ ಕುಳಿತಾಗ ಅದನ್ನು ಸರ್ವರ್‌ಗೆ ಓದಿಸುವ ಶುಕ್ರವಾರ ಉಳಿದಿರಲಿಲ್ಲ. ನನ್ನ ಕರಡು ಮಂಗಳವಾರ 6:12ರಿಂದ ಶುರುವಾಗುತ್ತಿತ್ತು. ಎಲ್ಲಿಂದ ಶುರು ಮಾಡಬೇಕೆಂದು ನಿಯಮದಲ್ಲಿ ಇಲ್ಲ.

ಬುಧವಾರ ಸಂಜೆ ಮಹಂತೇಶ್‌ಗೆ ಫೋನ್ ಮಾಡಿದೆ. ವೈಶಾಲಿ ಮೆಟ್ರೋದ ಕೆಳಗೆ ತರಕಾರಿ ಕೊಳ್ಳುತ್ತಿದ್ದರು. ಭಯ್ಯಾ, ಕೊತ್ತಂಬರಿ ಹಾಕಿಲ್ಲ ಎಂದು ಹಿಂದಿಯಲ್ಲಿ ಜಗಳ ಮುಗಿಸಿ ನನ್ನ ಮಾತಿಗೆ ಬಂದರು. ಮಂಗಳವಾರ ನಡೆದದ್ದನ್ನು ಹೇಳಿ, ಸರ್ಟಿಫಿಕೇಟಿಗಾಗಿಯೇ ರೀಸ್ಟಾರ್ಟ್ ಮಾಡುತ್ತಿದ್ದಿರಾ ಎಂದು ಕೇಳಿದೆ.



“ಇಲ್ಲಮ್ಮ. ನಾಲ್ಕು ವರ್ಷದ ಹಿಂದೆ ಅದಕ್ಕೆ ಮೆಮೊರಿ ತೊಂದರೆ ಇತ್ತು, ವಾರದ ಕೊನೆಗೆ ಉಸಿರುಗಟ್ಟುತ್ತಿತ್ತು. ಆಮೇಲೆ ಅದು ಸರಿಯಾಯ್ತು. ಕೈಗೆ ಅಭ್ಯಾಸ ಆಗಿತ್ತು, ಮಾಡ್ತಾ ಹೋದೆ. ಸರ್ಟಿಫಿಕೇಟ್ ನನ್ನ ತಲೆಯಲ್ಲೇ ಇರಲಿಲ್ಲ.”

“ಹಾಗಾದರೆ ನೀವು ಬರೆದಿಡೋಕೂ ಏನೂ ಇರಲಿಲ್ಲ.”

“ಮೆಮೊರಿ ಅಂತ ಬರೆದಿದ್ದರೆ ನೀವು ಇನ್ನೂ ಬೇಗ ಅಳಿಸ್ತಿದ್ರಿ,” ಎಂದು ನಕ್ಕರು. ಅಳಿಸಿದ್ದು ನಾನೆಂದು ನಾನು ಹೇಳಿರಲಿಲ್ಲ. ಅರ್ಜಿಯ ವಿಷಯ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಗುರುವಾರದ ಸಭೆಯಲ್ಲಿ ವರದಿ ಗೋಡೆಯ ಪರದೆಯ ಮೇಲಿತ್ತು. ಮೊದಲ ಸಾಲು ಆಗಸ್ಟ್ ಒಂದರದು: ರೀಸ್ಟಾರ್ಟ್ ಕೈಬಿಟ್ಟದ್ದು. ಹೆಸರು ಹಾಕಿರಲಿಲ್ಲ, ನಿಯಮವದು. ಓದುವಾಗ ಮಾತ್ರ ನಾನು ಕೈಬಿಟ್ಟೆ ಎಂದು ಓದಿದೆ. ನವೀಕರಣದ ನಂತರ ಸರ್ವರ್‌ಗೆ ಹೊಸ ಸರ್ಟಿಫಿಕೇಟನ್ನು ಓದಿಸುವ ಹಂತವೇ ನಮ್ಮಲ್ಲಿ ಎಂದೂ ಇರಲಿಲ್ಲ, ನಾಲ್ಕು ವರ್ಷ ಆ ಕೊರತೆಯನ್ನು ಮುಚ್ಚಿದ್ದು ಬೇರೆ ಕಾರಣಕ್ಕೆ ಹುಟ್ಟಿದ ಒಂದು ಅಭ್ಯಾಸ ಎಂದು ಮುಂದುವರಿಸಿದೆ. ಇನ್ನು ಆ ಹಂತ ತಾನಾಗಿ ನಡೆಯಬೇಕು, ಎಚ್ಚರಿಕೆ ವ್ಯವಸ್ಥೆ ಫೈಲನ್ನಲ್ಲ, ಹೊರಗಿನವರಿಗೆ ಸರ್ವರ್ ತೋರಿಸುವುದನ್ನು ನೋಡಬೇಕು. ಹಿತೇಶ್ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದ.

ಮೂರ್ತಿಯವರು ಇಲ್ಲೇ ದೆಹಲಿಯ ಪೀತಮ್‌ಪುರದಲ್ಲಿ ಬೆಳೆದವರು. ಕಷ್ಟದ ಮಾತಿಗೆ ಕನ್ನಡಕ್ಕೆ ಬರುವುದು ಅಪರೂಪ, ಅಂದು ಬಂದರು.

“ಇದು ಕ್ಲೈಂಟ್‌ಗೂ ಹೋಗುತ್ತೆ ಪ್ರಜ್ಞಾ. ಪಕ್ಕಾ ಇದೇನಾ?”

“ಹೌದು ಸರ್. ಕೆಳಗೆ ನೀವು ಸೇರಿಸಿದ ಸಾಲು ಸರಿ ಅಲ್ಲ. ಸರ್ಟಿಫಿಕೇಟ್ ವಿಷಯ ಅವರಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಅವರು ಹೇಗೆ ದಾಖಲಿಸ್ತಾರೆ?”

“ಅಚ್ಛಾ,” ಎಂದರು.   ಆಮೇಲೆ ಅವರ ಕರ್ಸರ್ ತಾವೇ ಸೇರಿಸಿದ ಆ ಸಾಲಿನ ತುದಿಗೆ ಬಂದು ನಿಂತಿತು, ಅಳಿಸುತ್ತ ಹಿಂದಕ್ಕೆ ಚಲಿಸತೊಡಗಿತು. ಒಮ್ಮೆಲೇ ಅಲ್ಲ, ಅಕ್ಷರ ಅಕ್ಷರವಾಗಿ. ಎಲ್ಲರೂ ಎದ್ದು ಹೋದ ಮೇಲೆ, ಸೋಮವಾರ ಮಹಂತೇಶ್‌ರನ್ನು ಸಂದರ್ಶನಕ್ಕೆ ಕರೆಯುತ್ತೇನೆ, ಅವರ ಪರ ಮಾತಾಡಿದವಳು ನೀನು, ಹಾಗಾಗಿ ಆ ಕೋಣೆಯಲ್ಲಿ ನೀನಿರುವುದು ಬೇಡ ಎಂದು ನನಗೆ ಹೇಳಿದರು. ನಾನು ಒಪ್ಪಿ ಲ್ಯಾಪ್‌ಟಾಪ್ ಮುಚ್ಚಿದೆ.